ಎದುರಾಳಿ ದರ ಇಳಿಸಿದ ಮಾತ್ರಕ್ಕೆ ನೀವೂ ಇಳಿಸಬೇಕೇ?

ಮಧ್ಯಮ ಗಾತ್ರದ ಕಾಫಿಪುಡಿ ವ್ಯಾಪಾರಿಗಳು ಸಲಹೆ ಕೇಳಲು ಬಂದಾಗ ಮಾತು ಸಾಮಾನ್ಯವಾಗಿ ಒಂದೇ ರೀತಿ ಶುರುವಾಗುತ್ತದೆ. ಹೊಸಬನೊಬ್ಬ ಕಿಲೋಗೆ ನೂರಿಪ್ಪತ್ತು ರೂಪಾಯಿ ಕಡಿಮೆಗೆ ಪುಡಿ ಕೊಡುತ್ತಿದ್ದಾನೆ, ವಿತರಕರು ದಿನವೂ ಫೋನ್ ಮಾಡುತ್ತಿದ್ದಾರೆ, ನಾವೂ ದರ ಇಳಿಸಿಬಿಡೋಣವೇ ಎಂದು. ಹೌದು, ಇಲ್ಲ ಎನ್ನುವ ಮೊದಲು ನಾನು ಒಂದು ಹಾಳೆ ತೆಗೆದು ಲೆಕ್ಕ ಹಾಕಿಸುತ್ತೇನೆ.

ಉದಾಹರಣೆಗೆ ನಿಮ್ಮ ಪುಡಿ ಕಿಲೋಗೆ 600 ರೂಪಾಯಿಗೆ ಹೋಗುತ್ತದೆ ಎಂದುಕೊಳ್ಳಿ. ಬೀಜ, ಚಿಕೋರಿ, ಹುರಿಯುವ ಖರ್ಚು, ಪೊಟ್ಟಣ, ಸಾಗಣೆ ಎಲ್ಲ ಸೇರಿ 420. ಕೈಯಲ್ಲಿ ಉಳಿಯುವುದು 180. ತಿಂಗಳಿಗೆ ಸಾವಿರ ಕಿಲೋ ಮಾರಿದರೆ ಒಂದು ಲಕ್ಷ ಎಂಬತ್ತು ಸಾವಿರ. ಬಾಡಿಗೆ, ಸಂಬಳ, ಸಾಲದ ಕಂತು ಎಲ್ಲವೂ ಇದರಲ್ಲೇ ನಡೆಯಬೇಕು. ಹೊಸಬನ ದರ 480. ಅವನಿಗೆ ಪೂರ್ತಿ ಸರಿಸಮವಾಗಿ ಇಳಿದರೆ ಕಿಲೋಗೆ ಉಳಿಯುವುದು ಬರೀ 60 ರೂಪಾಯಿ, ಅಂದರೆ ಮೊದಲಿನಷ್ಟೇ ಹಣ ನೋಡಲು ಮೂರು ಸಾವಿರ ಕಿಲೋ ಮಾರಬೇಕು. ಅರ್ಧ ದಾರಿ ಇಳಿದು 540 ಮಾಡಿದರೂ ಸಾವಿರದೈನೂರು ಕಿಲೋ ಬೇಕು. ಅಷ್ಟು ಕಾಫಿ ಕುಡಿಯುವವರು ಊರಿನಲ್ಲಿ ಹೊಸದಾಗಿ ಹುಟ್ಟಿಕೊಳ್ಳುವುದಿಲ್ಲ.

ಈಗ ಇದೇ ಲೆಕ್ಕವನ್ನು ತಿರುವಿ ನೋಡಿ. 540ಕ್ಕೆ ಇಳಿಸಿ ಒಬ್ಬ ಗಿರಾಕಿಯನ್ನೂ ಬಿಡದೆ ಉಳಿಸಿಕೊಂಡಿರಿ ಎಂದರೂ ಸಿಗುವುದು ಒಂದು ಲಕ್ಷ ಇಪ್ಪತ್ತು ಸಾವಿರ. 600ರಲ್ಲೇ ನಿಂತು ಮೂರನೇ ಒಂದು ಪಾಲು ವ್ಯಾಪಾರ ಕಳೆದುಕೊಂಡರೂ ಸಿಗುವುದು ಅಷ್ಟೇ. ದರ ಹಿಡಿದು ನಿಲ್ಲುವವನಿಗೆ ಎಷ್ಟು ಜಾಗ ಇದೆ ಎಂಬುದು ಇಲ್ಲಿ ಕಾಣುತ್ತದೆ. ಗಾಬರಿಯಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ವಿತರಕರಂತೂ ಹಾಕುವುದೇ ಇಲ್ಲ. ಅವರ ಕಮಿಷನ್ ನಿಂತಿರುವುದು ಎಷ್ಟು ಸರಕು ಹೋಯಿತು ಎಂಬುದರ ಮೇಲೆ, ನಿಮಗೆ ಎಷ್ಟು ಉಳಿಯಿತು ಎಂಬುದರ ಮೇಲಲ್ಲ.

ಆದರೆ ದರ ಇಳಿಸದೆ ಸುಮ್ಮನೆ ಕೂರುವುದಕ್ಕೂ ನಿಮ್ಮ ಸ್ಥಾನ ಕಾಯ್ದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ನಮ್ಮ ದೇಶಕ್ಕೆ ಚೆನ್ನಾಗಿ ತೋರಿಸಿಕೊಟ್ಟದ್ದು ಸರ್ಫ್ ಮತ್ತು ನಿರ್ಮಾ ನಡುವಿನ ಹೋರಾಟ. ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಅಹಮದಾಬಾದಿನಲ್ಲಿ ಮನೆಯಲ್ಲೇ ಬಟ್ಟೆ ಒಗೆಯುವ ಹಳದಿ ಪುಡಿ ತಯಾರಿಸಿ ಸೈಕಲ್ ಮೇಲೆ ಮಾರಲು ಹೊರಟರು. ಸರ್ಫ್‌ನ ಬೆಲೆಯ ಮೂರನೇ ಒಂದು ಪಾಲೂ ಅದಕ್ಕಿರಲಿಲ್ಲ. ಸರ್ಫ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಲಿವರ್ ಬಹಳ ಕಾಲ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಿಡಿಯುವ ಹೊತ್ತಿಗೆ ನಿರ್ಮಾ ದೇಶವನ್ನೆಲ್ಲ ಹಬ್ಬಿತ್ತು.

ಆಗ ದೂರದರ್ಶನದಲ್ಲಿ ಬಂದವರು ಲಲಿತಾಜಿ. ಅಲಿಕ್ ಪದಮ್‌ಸೀ ಅವರ ಲಿಂಟಾಸ್ ಸಂಸ್ಥೆ ರೂಪಿಸಿ, ಕವಿತಾ ಚೌಧರಿ ನಟಿಸಿದ ಆ ಜಾಹೀರಾತನ್ನು ನಾನು ವೃತ್ತಿಯ ಕಣ್ಣಿನಿಂದ ನೋಡುವುದು ಹೀಗೆ: ಸರ್ಫ್ ದುಬಾರಿ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ತರಕಾರಿಗೆ ಪೈಸೆ ಪೈಸೆಗೆ ಚೌಕಾಸಿ ಮಾಡುವ ಹೆಂಗಸನ್ನೇ ತಂದು, ಆಕೆಯ ಬಾಯಲ್ಲೇ ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಎಂದು ಹೇಳಿಸುತ್ತದೆ. ಜೊತೆಗೆ ಅಳತೆಯನ್ನೇ ಬದಲಿಸುತ್ತದೆ: ಅರ್ಧ ಕಿಲೋ ಸರ್ಫ್ ಅಗ್ಗದ ಪುಡಿಯ ಒಂದು ಕಿಲೋಗೆ ಸಮ. ಗೃಹಿಣಿ ಇನ್ನು ಹೋಲಿಸಬೇಕಾದದ್ದು ಕಿಲೋ ಬೆಲೆಯನ್ನಲ್ಲ, ಎಷ್ಟು ಬಟ್ಟೆ ಒಗೆಯಿತು ಎಂಬುದನ್ನು.

ಲಲಿತಾಜಿ ನಿರ್ಮಾವನ್ನು ಸೋಲಿಸಿದರು ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಅದು ತಪ್ಪು. 1980ರ ದಶಕದಲ್ಲಿ ಮಾರಾಟದ ಪ್ರಮಾಣದಲ್ಲಿ ನಿರ್ಮಾ ಸರ್ಫ್ ಅನ್ನು ಹಿಂದೆ ಹಾಕಿತು. ನಿರ್ಮಾ ಕೊಂಡವರಲ್ಲಿ ಬಹುಮಂದಿ ಮೊದಲು ಸರ್ಫ್ ಕೊಳ್ಳುತ್ತಿದ್ದವರಲ್ಲ, ಬಾರ್ ಸೋಪಿನಲ್ಲಿ ಒಗೆಯುತ್ತಿದ್ದವರು. ಅವರನ್ನು ಸರ್ಫ್ ದರ ಇಳಿಸಿ ಹಿಡಿಯಲು ಹೋಗಿದ್ದರೆ ಅವರೂ ಸಿಗುತ್ತಿರಲಿಲ್ಲ, ಸರ್ಫ್‌ನ ಹಳೆಯ ಗಿರಾಕಿಗಳಿಂದ ಬರುತ್ತಿದ್ದ ಲಾಭವೂ ಹೋಗುತ್ತಿತ್ತು. ಜಾಹೀರಾತಿನ ಕೆಲಸ ಇದ್ದವರನ್ನು ಉಳಿಸಿಕೊಳ್ಳುವುದು. ಹೊಸ ಮಾರುಕಟ್ಟೆಗೆಂದು ಕಂಪನಿ ಆ ದಶಕದ ಕೊನೆಯ ವರ್ಷಗಳಲ್ಲಿ ವೀಲ್ ಎಂಬ ಬೇರೆಯೇ ಹೆಸರನ್ನು ತಂದಿತು. ಕಡಿಮೆ ಖರ್ಚಿನ ತಯಾರಿಕೆ, ಹಳದಿಯ ಎದುರಿಗೆ ಹಸಿರು ಪೊಟ್ಟಣ, ಕೈ ಉರಿಸುವುದಿಲ್ಲ ಎಂಬ ಮಾತು. ಸರ್ಫ್ ತನ್ನ ಜಾಗದಲ್ಲೇ ಇತ್ತು.

ಮತ್ತೆ ಕಾಫಿಪುಡಿಗೆ ಬರೋಣ. ಹೊಸಬನ ಪೊಟ್ಟಣವನ್ನು ತಿರುವಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವನ್ನೂ ಮುದ್ರಿಸಬೇಕು ಎಂಬುದು ನಿಯಮ. ನಿಮ್ಮದು 80:20, ಅವನದು ನಿಯಮದ ಅಂಚಿನಲ್ಲಿ 53:47. ಅವನಿಗೆ 480 ಹೇಗೆ ಗಿಟ್ಟುತ್ತದೆ ಎಂಬ ಗುಟ್ಟು ಅಷ್ಟೇ.

ಇಲ್ಲಿ ಲಲಿತಾಜಿಯ ಮಾತನ್ನು ಎರವಲು ತಂದು 'ನಮ್ಮದು ಕಡಿಮೆ ಹಾಕಿದರೆ ಸಾಕು' ಎಂದು ಬರೆಸಲು ಹೊರಟವರನ್ನು ನಾನು ತಡೆದಿದ್ದೇನೆ. ಚಿಕೋರಿ ಹೆಚ್ಚಿದ್ದರೆ ಡಿಕಾಕ್ಷನ್ ಇನ್ನೂ ಗಟ್ಟಿಯಾಗಿ, ಕಪ್ಪಾಗಿ ಇಳಿಯುತ್ತದೆ. ಮನೆಯಲ್ಲಿ ಫಿಲ್ಟರ್ ಇಟ್ಟ ಯಾರಿಗೂ ಆ ಸುಳ್ಳು ಮೊದಲ ಬೆಳಿಗ್ಗೆಯೇ ತಿಳಿದುಹೋಗುತ್ತದೆ. ನಿಮ್ಮಲ್ಲಿರುವುದು ಪರಿಮಳ, ಬಾಯಲ್ಲಿ ಉಳಿಯುವ ರುಚಿ. ಹಾಗಾದರೆ ಪೊಟ್ಟಣದ ಮುಂಭಾಗದಲ್ಲೇ ಕಾಫಿ 80 ಎಂದು ದಪ್ಪಕ್ಷರದಲ್ಲಿ ಬರಲಿ, ಹುರಿದ ದಿನಾಂಕ ಬರಲಿ. ಅಳತೆಯನ್ನು ಕಿಲೋದಿಂದ ಲೋಟಕ್ಕೆ ಇಳಿಸಿ: ಲೋಟಕ್ಕೆ ಎಂಟು ಗ್ರಾಂ ಪುಡಿ ಎಂದರೆ ನಿಮ್ಮದು 4 ರೂಪಾಯಿ 80 ಪೈಸೆ, ಅವನದು 3 ರೂಪಾಯಿ 84 ಪೈಸೆ. ಒಂದು ರೂಪಾಯಿಗೂ ಕಡಿಮೆ ವ್ಯತ್ಯಾಸಕ್ಕೆ ಮನೆಯವರು ಬೆಳಗಿನ ಕಾಫಿ ಕೆಡಿಸಿಕೊಳ್ಳುವುದಿಲ್ಲ.

ಹೋಟೆಲಿನವರ ಲೆಕ್ಕವೇ ಬೇರೆ. ದಿನಕ್ಕೆ 300 ಲೋಟ ಮಾರುವವರಿಗೆ ಅದೇ 96 ಪೈಸೆ 288 ರೂಪಾಯಿ ಆಗುತ್ತದೆ. ಅವರು ಹೋಗಿಯೇ ಹೋಗುತ್ತಾರೆ, ರುಚಿಯ ಉಪದೇಶ ಅಲ್ಲಿ ನಡೆಯುವುದಿಲ್ಲ. ಅವರನ್ನು ಬಿಡಲು ಮನಸ್ಸಿಲ್ಲದಿದ್ದರೆ 60:40ರ ಪುಡಿಯನ್ನು ಬೇರೆ ಹೆಸರಿನಲ್ಲಿ, ದೊಡ್ಡ ಚೀಲದಲ್ಲಿ, ಹೋಟೆಲುಗಳಿಗಷ್ಟೇ ಕೊಡಿ. ನಿಮ್ಮ ಮುಖ್ಯ ಹೆಸರಿಗೆ 'ಸ್ಪೆಷಲ್', 'ಎಕಾನಮಿ' ಎಂದು ಬಾಲ ಅಂಟಿಸಿ ಕಿರಾಣಿ ಅಂಗಡಿಗೆ ಬಿಟ್ಟರೆ, 600 ಕೊಡುತ್ತಿದ್ದ ಗಿರಾಕಿಯೇ ಅದನ್ನು ಎತ್ತಿಕೊಂಡು ಹೋಗುತ್ತಾನೆ.

ದರ ಇಳಿಸುವುದಿಲ್ಲ ಎಂದು ಹೇಳಿ ಹಿಂಬಾಗಿಲಿನಿಂದ ಇಳಿಸುವವರೂ ಇದ್ದಾರೆ. ಹತ್ತು ಕಿಲೋಗೆ ಒಂದು ಕಿಲೋ ಉಚಿತ ಎಂಬ ಸ್ಕೀಮ್ ಬಿಟ್ಟರೆ ವಿತರಕ ಎರಡು ತಿಂಗಳ ಸರಕು ತುಂಬಿಕೊಳ್ಳುತ್ತಾನೆ, ಪುಡಿಯ ಘಮ ಗೋದಾಮಿನಲ್ಲೇ ಹೋಗುತ್ತದೆ, ಮುಂದಿನ ತಿಂಗಳು ಆರ್ಡರ್ ಬರುವುದಿಲ್ಲ. ನೀವು ಯಾವುದನ್ನು ಕಾಯಬೇಕೆಂದು ಹೊರಟಿರೋ ಅದೇ ಹಾಳು. ಅದರ ಬದಲು ಹೊಸಬ ಅಂಗಡಿಯವರಿಗೆ ಕಿಲೋಗೆ ಎಷ್ಟು ಬಿಡುತ್ತಿದ್ದಾನೆ ಎಂದು ವಿಚಾರಿಸಿ. ಎಷ್ಟೋ ಸಲ ಗಿರಾಕಿ ದರ ನೋಡಿ ಹೋಗಿರುವುದಿಲ್ಲ, ಅಂಗಡಿಯವರು ಆ ಪೊಟ್ಟಣವನ್ನು ಕೈಗೆ ಕೊಟ್ಟಿರುತ್ತಾರೆ. ಅದಕ್ಕೆ ಮದ್ದು ಅಂಗಡಿಯವರ ಲಾಭದಲ್ಲಿದೆ, ಮುದ್ರಿತ ಬೆಲೆಯಲ್ಲಿ ಅಲ್ಲ.

ಈ ದಾರಿಗೆ ಒಂದು ಮಿತಿ ಇದೆ. 2004ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಏರಿಯಲ್ ಮತ್ತು ಟೈಡ್ ದರಗಳನ್ನು ಒಮ್ಮೆಲೇ ಇಳಿಸಿದಾಗ ಅದೇ ಹಿಂದೂಸ್ತಾನ್ ಲಿವರ್ ತನ್ನ ದರವನ್ನೂ ಇಳಿಸಬೇಕಾಯಿತು, ಆ ವರ್ಷ ಅದರ ಲಾಭ ಜೋರಾಗಿ ಕುಸಿಯಿತು. ಎದುರಿಗಿದ್ದದ್ದು ಕೈ ಉರಿಸುವ ಹಳದಿ ಪುಡಿಯಾಗಿರಲಿಲ್ಲ, ಗುಣದಲ್ಲಿ ಸರಿಸಮನಾದ ಸರಕು. ಆದ್ದರಿಂದ ತೀರ್ಮಾನಕ್ಕೆ ಮೊದಲು ಎರಡೂ ಪುಡಿಯ ಡಿಕಾಕ್ಷನ್ ಇಳಿಸಿ, ಯಾವುದು ಯಾರದೆಂದು ಹೇಳದೆ ನಿಮ್ಮ ಖಾಯಂ ಗಿರಾಕಿಗಳಿಗೆ ಕುಡಿಸಿ. ಅವರಲ್ಲಿ ಹೆಚ್ಚಿನವರು ನಿಮ್ಮದನ್ನು ಗುರುತಿಸಿದರೆ 600ರಲ್ಲಿ ನಿಲ್ಲಿ. ಗುರುತಿಸದಿದ್ದರೆ ಜಾಹೀರಾತಿಗೆ ಹಣ ಸುರಿಯುವ ಮೊದಲು ಹುರಿಯುವ ಮನೆಗೆ ಹೋಗಿ ಬೀಜ ನೋಡಿ.