ಫ್ರೀ ಸರ್ಟಿಫಿಕೇಟ್‌ಗೆ ಬೆಲೆ ಇದೆಯಾ?

ಪ್ರಶ್ನೆ: ಬಿ.ಕಾಂ ಮುಗಿಸಿದ್ದೇನೆ. ಗೂಗಲ್ ಸ್ಕಿಲ್‌ಶಾಪ್‌ನಲ್ಲಿ ಸರ್ಚ್ ಆ್ಯಡ್ಸ್ ಪರೀಕ್ಷೆ ಪಾಸಾಗಿ ಫ್ರೀ ಸರ್ಟಿಫಿಕೇಟ್ ತಗೊಂಡೆ. ಬೆಂಗಳೂರಿನ ಕಂಪನಿಗಳು, ಕ್ಲೈಂಟ್‌ಗಳು ಇದನ್ನು ಲೆಕ್ಕಕ್ಕೆ ತಗೊಳ್ತಾರಾ? ಇಲ್ಲಾ ದುಡ್ಡು ಕಟ್ಟಿ ಕೋರ್ಸ್ ಮಾಡಬೇಕಾ?

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆಯ ಕೊನೇ ಸಾಲು ಬದಲಾಗುವುದೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

"ಫ್ರೀ ಅಂದರೆ ಬೆಲೆ ಇಲ್ಲ, ಫೀಸು ಕಟ್ಟಿದರೆ ಬೆಲೆ ಇದೆ" ಅನ್ನುವುದು ತಪ್ಪು. ನಗರದ ಎಷ್ಟೋ ಇನ್‌ಸ್ಟಿಟ್ಯೂಟ್‌ಗಳ ಬೋರ್ಡಿನಲ್ಲಿ "ಗೂಗಲ್ ಸರ್ಟಿಫಿಕೇಟ್ ಸಮೇತ" ಅಂತ ಇರುತ್ತದೆ. ಸಾಮಾನ್ಯವಾಗಿ ಅದು ನೀವು ಮನೆಯಲ್ಲಿ ಕೂತು ಬರೆದ ಅದೇ ಸ್ಕಿಲ್‌ಶಾಪ್ ಪರೀಕ್ಷೆ. ಅದಕ್ಕೆ ಗೂಗಲ್ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಫೀಸು ಕಟ್ಟುವ ಮೊದಲು "ಸರ್ಟಿಫಿಕೇಟ್ ಕೊಡುವವರು ಯಾರು, ಯಾವ ಪರೀಕ್ಷೆಗೆ?" ಅಂತ ನೇರವಾಗಿ ಕೇಳಿ. ಸ್ಕಿಲ್‌ಶಾಪ್ ಅಂದರೆ, ನೀವು ಕಟ್ಟುತ್ತಿರುವುದು ಪಾಠಕ್ಕೆ, ಸರ್ಟಿಫಿಕೇಟ್‌ಗಲ್ಲ. ಪಾಠ ಚೆನ್ನಾಗಿದ್ದರೆ ಕಟ್ಟಿ, ಬೇಡ ಅನ್ನುವುದಿಲ್ಲ. ಇನ್‌ಸ್ಟಿಟ್ಯೂಟ್ ತಾನೇ ಪ್ರಿಂಟ್ ಮಾಡಿ ಕೊಡುವ ಸರ್ಟಿಫಿಕೇಟ್ ಆದರೆ, ಕೋರಮಂಗಲದಲ್ಲಿ ಇಂಟರ್‌ವ್ಯೂ ಮಾಡುವವರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ.

ತೂಕ ಬರುವುದು ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನುವುದರಿಂದ. ಸ್ಕಿಲ್‌ಶಾಪ್ ಪರೀಕ್ಷೆ 75 ನಿಮಿಷದ್ದು, ಪಾಸಾಗಲು ಶೇ. 80 ಬೇಕು. ಫೇಲಾದರೆ ಒಂದು ದಿನ ಬಿಟ್ಟು ಮತ್ತೆ ಬರೆಯಬಹುದು. ನೋಡಿಕೊಳ್ಳುವವರು ಯಾರೂ ಇರುವುದಿಲ್ಲ, ಉತ್ತರಗಳು ನೆಟ್‌ನಲ್ಲಿ ಸಿಗುತ್ತವೆ. ಇದು ಕೆಲಸ ಕೊಡುವವರಿಗೂ ಗೊತ್ತು. ಹಾಗಾಗಿ "ಈ ಹುಡುಗಿಗೆ ಪದಗಳ ಪರಿಚಯ ಇದೆ" ಅನ್ನುವಷ್ಟಕ್ಕೇ ಅದು ಸಾಕ್ಷಿ. ಒಂದು ವರ್ಷಕ್ಕೆ ಅವಧಿ ಮುಗಿಯುತ್ತದೆ. ಮುಗಿದದ್ದನ್ನು ರೆಸ್ಯೂಮೆಯಲ್ಲಿ ಹಾಗೇ ಬಿಡಬೇಡಿ.

ಒಂದು ಕಡೆ ಮಾತ್ರ ಅದಕ್ಕೆ ನಿಜವಾದ ಬೇಡಿಕೆ ಇದೆ. ಏಜೆನ್ಸಿಗೆ ಗೂಗಲ್ ಪಾರ್ಟ್‌ನರ್ ಬ್ಯಾಡ್ಜ್ ಬೇಕೆಂದರೆ, ಅಕೌಂಟ್ ನೋಡಿಕೊಳ್ಳುವವರಲ್ಲಿ ಕನಿಷ್ಠ ಅರ್ಧ ಜನ ಈ ಸರ್ಟಿಫಿಕೇಟ್ ಪಡೆದಿರಬೇಕು. ಅಂಥ ಏಜೆನ್ಸಿಗೆ ನಿಮ್ಮದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅರ್ಜಿ ಹಾಕುವಾಗ ಮೊದಲ ಪುಟದಲ್ಲೇ ಬರೆಯಿರಿ.

ಕ್ಲೈಂಟ್ ವಿಷಯ ಬೇರೆ. ಜಯನಗರದ ಹಲ್ಲಿನ ಡಾಕ್ಟರ್‌ಗೆ ಸ್ಕಿಲ್‌ಶಾಪ್ ಕಟ್ಟಿಕೊಂಡು ಏನಾಗಬೇಕು? ಅವರು ಕೇಳುವುದು ಎಷ್ಟು ಫೋನ್ ಬಂತು ಅಂತ. ಒಂದು ಉದಾಹರಣೆ ನೋಡೋಣ. ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 15,000 ಖರ್ಚಾಗಿದೆ, 600 ಕ್ಲಿಕ್, 12 ಫೋನ್. ಅಂದರೆ ಒಂದು ಫೋನಿಗೆ 1,250 ರೂಪಾಯಿ. ಡಾಕ್ಟರ್‌ಗೆ ಜಾಸ್ತಿ ಅನಿಸುತ್ತದೆ, ಅಲ್ವಾ?

ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆಯಿರಿ. ಜನ ನಿಜವಾಗಿ ಏನು ಟೈಪ್ ಮಾಡಿ ಜಾಹೀರಾತಿಗೆ ಬಂದರು ಅನ್ನುವುದು ಅಲ್ಲಿದೆ. ಕೀವರ್ಡ್ ಬ್ರಾಡ್ ಮ್ಯಾಚ್‌ನಲ್ಲಿದ್ದರೆ, ಅಂದರೆ ಅದಕ್ಕೆ ಸಂಬಂಧಪಟ್ಟ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುವ ಸೆಟ್ಟಿಂಗ್‌ನಲ್ಲಿದ್ದರೆ, "ಡೆಂಟಲ್ ಅಸಿಸ್ಟೆಂಟ್ ಜಾಬ್", "ಬಿಡಿಎಸ್ ಕಾಲೇಜ್ ಫೀಸ್" ಅಂತ ಹುಡುಕಿದವರೂ ಬಂದಿರುತ್ತಾರೆ. ಅಂಥವು 200 ಕ್ಲಿಕ್ ಅಂದುಕೊಳ್ಳಿ. 5,000 ರೂಪಾಯಿ ಸುಮ್ನೆ ಹೋಯಿತು. ಜಾಬ್, ಕಾಲೇಜ್ ಮುಂತಾದ ಪದಗಳನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಬೇಕು, ಆಗ ಅವನ್ನು ಹುಡುಕಿದವರಿಗೆ ಜಾಹೀರಾತು ಕಾಣುವುದಿಲ್ಲ. ಲೊಕೇಶನ್ ಸೆಟ್ಟಿಂಗ್ ಕೂಡ ನೋಡಬೇಕು. ಡಿಫಾಲ್ಟ್ ಆಗಿ ಅದು ಊರಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ತೋರಿಸುತ್ತದೆ. ಬೇರೆ ಊರಿನವರು ಹಲ್ಲು ಕೀಳಿಸಲು ಜಯನಗರಕ್ಕೆ ಬರುವುದಿಲ್ಲ. ಉಳಿದ 400 ಕ್ಲಿಕ್‌ಗೇ 12 ಫೋನ್ ಬಂದಿದ್ದರೆ, ಅದೇ ಲೆಕ್ಕದಲ್ಲಿ 600 ಸರಿಯಾದ ಕ್ಲಿಕ್‌ಗೆ 18 ಬರಬಹುದು. ಒಂದಕ್ಕೆ ಸುಮಾರು 833 ರೂಪಾಯಿ. ಈ ಲೆಕ್ಕವನ್ನು ರಿಪೋರ್ಟ್ ಸಮೇತ ಎರಡು ಪುಟದಲ್ಲಿ ಬರೆದಿಟ್ಟುಕೊಂಡವರನ್ನು ಇಂಟರ್‌ವ್ಯೂನಲ್ಲಿ ನಾನು ಹೆಚ್ಚು ಹೊತ್ತು ಕೂರಿಸಿ ಮಾತಾಡಿಸುತ್ತೇನೆ.

ಹಾಗೇ, ಯಾರೂ ಕೇಳದ ಇನ್ನೊಂದು ಮಾತು. ಅಕೌಂಟ್ ಯಾರ ಹೆಸರಲ್ಲಿದೆ? ಹೊಸಬರು ಕ್ಲೈಂಟ್‌ನ ಜಾಹೀರಾತನ್ನು ತಮ್ಮದೇ ಅಕೌಂಟ್‌ನಲ್ಲಿ ನಡೆಸಿಬಿಡುತ್ತಾರೆ. ಬೇಡ. ಡಾಕ್ಟರ್ ಹೆಸರಲ್ಲೇ ತೆರೆಸಿ, ಅವರದೇ ಕಾರ್ಡ್ ಹಾಕಿಸಿ, ನಿಮ್ಮ ಇಮೇಲ್‌ಗೆ ಆ್ಯಕ್ಸೆಸ್ ತಗೊಳ್ಳಿ. ಚೇಂಜ್ ಹಿಸ್ಟರಿಯಲ್ಲಿ ಯಾವ ದಿನ ಯಾವ ಇಮೇಲ್‌ನಿಂದ ಏನು ಬದಲಾಯಿತು ಅನ್ನುವುದು ಎರಡು ವರ್ಷದವರೆಗೆ ಇರುತ್ತದೆ. ನೆಗೆಟಿವ್ ಕೀವರ್ಡ್ ಸೇರಿಸಿದ್ದು ನೀವೇ ಅಂತ ಅದು ಹೇಳುತ್ತದೆ. ಡಾಕ್ಟರ್ ಒಪ್ಪಿದರೆ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲಸ ಬಿಟ್ಟ ದಿನ ನಿಮ್ಮ ಆ್ಯಕ್ಸೆಸ್ ಹೋಗುತ್ತದೆ, ಆಮೇಲೆ ಕೇಳಿದರೆ ಸಿಗುವುದು ಕಷ್ಟ.