ಆರು ವರ್ಷದ ಬಾಕಿಗೆ ಆರು ವರ್ಷದ ಬಾಂಡ್ ಯಾಕೆ ಸಾಲದು?

ಗೋಣಿಕೊಪ್ಪ ಕಡೆಯ ಒಂದು ತೋಟದ ಮನೆಯಲ್ಲಿ ಪಾಲಾಗಿದೆ ಎಂದಿಟ್ಟುಕೊಳ್ಳಿ. ತೋಟ ಉಳಿಸಿಕೊಂಡ ಅಣ್ಣ ಆರು ವರ್ಷ ಕಳೆದ ಮೇಲೆ ತಂಗಿಗೆ ಒಂದೇ ಕಂತಿನಲ್ಲಿ ₹1 ಕೋಟಿ ಕೊಡಬೇಕು. ಮೊತ್ತವೂ ದಿನಾಂಕವೂ ಕರಾರಿನಲ್ಲಿ ಬರೆದಾಗಿದೆ. ಈ ವರ್ಷ ರೋಬಸ್ಟಾ ಕಾಫಿಗೆ ಒಳ್ಳೆಯ ಬೆಲೆ ಬಂದು ಕೈಯಲ್ಲಿ ದುಡ್ಡಿದೆ, ಆರು ವರ್ಷದ ಮೇಲೆ ಬೆಲೆ ಹೇಗಿರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈಗಲೇ ಹಣ ತೆಗೆದಿಡುವುದು ಸರಿ. ಎಷ್ಟು ತೆಗೆದಿಡಬೇಕು, ಎಲ್ಲಿ ಇಡಬೇಕು ಎಂಬುದನ್ನು ನೋಡೋಣ.

ಬ್ಯಾಂಕಿನ ಕ್ಯುಮುಲೇಟಿವ್ ಡಿಪಾಸಿಟ್ ಅತ್ಯಂತ ಸರಳ ದಾರಿ, ಬಡ್ಡಿ ದರವೂ ಕಟ್ಟಿಹಾಕಿದ ಹಾಗಾಗುತ್ತದೆ. ಆದರೆ ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ₹5 ಲಕ್ಷದವರೆಗೆ ಮಾತ್ರ. ಅದಕ್ಕೇ ಇಷ್ಟು ದೊಡ್ಡ ಮೊತ್ತಕ್ಕೆ ಕೇಂದ್ರ ಸರ್ಕಾರದ ಬಾಂಡ್ ಕಡೆ ನೋಡುವವರಿದ್ದಾರೆ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ 2021ರಿಂದ ಇದೆ, ₹10,000ದಿಂದ ಕೊಳ್ಳಬಹುದು.

ಲೆಕ್ಕ ಸುಲಭವಾಗಲೆಂದು ಎಲ್ಲ ಬಾಂಡ್‌ಗಳೂ 7% ಕೂಪನ್‌ನವು, ಅಂದರೆ ಮುಖಬೆಲೆಯ ಮೇಲೆ ವರ್ಷಕ್ಕೆ 7% ಬಡ್ಡಿ ಕೊಡುವಂಥವು, ಮಾರುಕಟ್ಟೆ ಬೆಲೆಗೆ ಕೊಂಡರೆ ಸಿಗುವ ಇಳುವರಿಯೂ 7%, ಬಡ್ಡಿ ಆರು ತಿಂಗಳಿಗೊಮ್ಮೆ ಎಂದು ಹಿಡಿಯೋಣ. ತೆರಿಗೆಯ ವಿಚಾರ ಕೊನೆಯಲ್ಲಿ ಬರುತ್ತದೆ. ಆರು ವರ್ಷದ ಮೇಲಿನ ₹1 ಕೋಟಿಗೆ ಇವತ್ತು ಬೇಕಾಗುವುದು ಸುಮಾರು ₹66.2 ಲಕ್ಷ.

ಹೆಚ್ಚಿನವರು ಇಲ್ಲಿ ಮಾಡುವ ಕೆಲಸವೆಂದರೆ ಆ ಹಣಕ್ಕೆ ಆರು ವರ್ಷದ ಬಾಂಡ್ ಕೊಂಡು ನೆಮ್ಮದಿಯಾಗಿರುವುದು. ಅಸಲು ಸರಿಯಾದ ದಿನಕ್ಕೆ ಬರುತ್ತದೆ, ನಿಜ. ಆದರೆ ಆ ಒಂದು ಕೋಟಿಯಲ್ಲಿ ಅಸಲು ₹66.2 ಲಕ್ಷ ಮಾತ್ರ. ಉಳಿದದ್ದು ಆರು ತಿಂಗಳಿಗೊಮ್ಮೆ ಬರುವ ₹2.317 ಲಕ್ಷ ಕೂಪನ್, ಮತ್ತು ಅದನ್ನು ಮತ್ತೆ ತೊಡಗಿಸಿ ಬರುವ ಬಡ್ಡಿ. ಕೊಂಡ ಮಾರನೇ ದಿನ ದರ 6%ಕ್ಕೆ ಇಳಿದು ಅಲ್ಲೇ ನಿಂತರೆ ಕೂಪನ್‌ಗಳಿಗೆ ಸಿಗುವುದು 6%. ಆರು ವರ್ಷದ ಕೊನೆಗೆ ಕೈಗೆ ಬರುವುದು ₹99.08 ಲಕ್ಷ, ಅಂದರೆ ₹92 ಸಾವಿರ ಕೊರತೆ. 5%ಕ್ಕೆ ಇಳಿದರೆ ಕೊರತೆ ₹1.84 ಲಕ್ಷ. ದೀರ್ಘಾವಧಿಯದೇ ಒಳ್ಳೆಯದೆಂದು ಹತ್ತು ವರ್ಷದ ಬಾಂಡ್ ಕೊಂಡರೆ ಏಟು ಇನ್ನೊಂದು ಕಡೆಯಿಂದ ಬೀಳುತ್ತದೆ. ದರ 8%ಕ್ಕೆ ಏರಿದರೆ ಆರನೇ ವರ್ಷದಲ್ಲಿ ಬಾಂಡನ್ನು ಕಡಿಮೆ ಬೆಲೆಗೆ ಮಾರಬೇಕು, ಆಗ ₹1.21 ಲಕ್ಷ ಕಡಿಮೆಯಾಗುತ್ತದೆ.

ದರ ಇಳಿದರೆ ಮರುಹೂಡಿಕೆಯ ಬಡ್ಡಿ ಕುಗ್ಗುತ್ತದೆ, ಬಾಂಡಿನ ಬೆಲೆ ಏರುತ್ತದೆ. ದರ ಏರಿದರೆ ಇದರ ತಿರುವುಮುರುವು. ಈ ಎರಡೂ ಒಂದನ್ನೊಂದು ಹೊಡೆದುಹಾಕುವ ಒಂದು ಕಾಲಬಿಂದು ಪ್ರತಿ ಬಾಂಡಿಗೂ ಇದೆ, ಅದೇ ಅದರ ಡ್ಯೂರೇಶನ್. ಬಾಂಡಿನಿಂದ ಬರುವ ಪ್ರತಿ ಹಣಕ್ಕೂ ಎಷ್ಟು ಕಾಲ ಕಾಯಬೇಕೆಂದು ನೋಡಿ, ಆ ಹಣದ ಇಂದಿನ ಮೌಲ್ಯದ ತೂಕ ಕೊಟ್ಟು ತೆಗೆದ ಸರಾಸರಿ ಅದು. 1938ರಲ್ಲಿ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ ಈ ಅಳತೆಯನ್ನು ಕೊಟ್ಟರು. 1952ರಲ್ಲಿ ಬ್ರಿಟಿಷ್ ವಿಮಾ ಗಣಿತಜ್ಞ ರೆಡಿಂಗ್ಟನ್ ಇದೇ ತತ್ವದಿಂದ ವಿಮಾ ಕಂಪನಿಗಳ ಬಾಧ್ಯತೆಗಳನ್ನು ಕಾಪಾಡುವ ಕ್ರಮಕ್ಕೆ ಇಮ್ಯುನೈಸೇಶನ್ ಎಂದು ಹೆಸರಿಟ್ಟರು. ನಮ್ಮ ಆರು ವರ್ಷದ ಬಾಂಡಿನ ಡ್ಯೂರೇಶನ್ ಬರೀ 5.0 ವರ್ಷ. ಅದು ಐದು ವರ್ಷದ ಬಾಕಿಗೆ ಹೊಂದುವ ಬಾಂಡ್.

ಡ್ಯೂರೇಶನ್ನನ್ನು ಕೈಯಲ್ಲಿ ಲೆಕ್ಕ ಹಾಕುವ ಅಗತ್ಯವಿಲ್ಲ. ಎಕ್ಸೆಲ್‌ನಲ್ಲಿ ಏಳು ವರ್ಷದ ಬಾಂಡಿಗೆ ಹೀಗೆ ಬರೆದರೆ 5.65 ಬರುತ್ತದೆ:

```
=DURATION(DATE(2026,1,15),DATE(2033,1,15),7%,7%,2,4)
```

ಎಂಟು ವರ್ಷದ ಬಾಂಡಿನದು 6.26. ನಮಗೆ ಬೇಕಾದ 6.00 ಇವೆರಡರ ನಡುವೆ ಇದೆ. 6.00ರಿಂದ 5.65 ಕಳೆದು, ಎರಡು ಡ್ಯೂರೇಶನ್‌ಗಳ ವ್ಯತ್ಯಾಸದಿಂದ ಭಾಗಿಸಿದರೆ ಎಂಟು ವರ್ಷದ್ದರ ಪಾಲು ಸುಮಾರು 57.4% ಎಂದು ಸಿಗುತ್ತದೆ. ಹತ್ತು ಸಾವಿರದ ಲೆಕ್ಕಕ್ಕೆ ಸರಿಮಾಡಿದರೆ ಎಂಟು ವರ್ಷದ್ದರಲ್ಲಿ ₹38 ಲಕ್ಷ, ಏಳು ವರ್ಷದ್ದರಲ್ಲಿ ₹28.2 ಲಕ್ಷ. ಈಗ ಅದೇ ಪರೀಕ್ಷೆ ಮಾಡೋಣ. ದರ 6%ಕ್ಕೆ ಇಳಿದರೆ ಹೂಡಿಕೆಯ ಬೆಲೆ ಕೂಡಲೇ ₹70.18 ಲಕ್ಷಕ್ಕೆ ಏರುತ್ತದೆ, ಅದು 6%ರಲ್ಲಿ ಬೆಳೆದು ಆರು ವರ್ಷಕ್ಕೆ ₹1,00,05,900 ಆಗುತ್ತದೆ. ದರ 8%ಕ್ಕೆ ಏರಿದರೆ ಬೆಲೆ ₹62.5 ಲಕ್ಷಕ್ಕೆ ಬೀಳುತ್ತದೆ, ಆದರೆ 8%ರಲ್ಲಿ ಬೆಳೆದು ಹೆಚ್ಚುಕಮ್ಮಿ ಅಷ್ಟೇ ಮೊತ್ತಕ್ಕೆ ಬಂದು ನಿಲ್ಲುತ್ತದೆ. ದರ ಬದಲಾಗದಿದ್ದರೆ ₹1,00,03,300. ಎರಡೂ ಕಡೆ ಬರುವ ಆ ಸಣ್ಣ ಲಾಭ ಕಾನ್ವೆಕ್ಸಿಟಿಯದು, ಅಂದರೆ ದರ ಇಳಿದಾಗ ಬಾಂಡಿನ ಬೆಲೆ ಏರುವಷ್ಟು ದರ ಏರಿದಾಗ ಬೀಳುವುದಿಲ್ಲ ಎಂಬ ಗುಣದ್ದು.

ಮೂರು ಮತ್ತು ಹತ್ತು ವರ್ಷದ ಬಾಂಡ್‌ಗಳನ್ನು ಬೆರೆಸಿದರೂ ಡ್ಯೂರೇಶನ್ 6 ಮಾಡಬಹುದು, ಕಾನ್ವೆಕ್ಸಿಟಿ ಇನ್ನೂ ಹೆಚ್ಚು ಸಿಗುತ್ತದೆ. ಕಾಗದದ ಮೇಲೆ ಆಸೆ ಹುಟ್ಟಿಸುವ ಈ ಜೋಡಿಯನ್ನು ನಾನು ಸಲಹೆ ಮಾಡುವುದಿಲ್ಲ. ಮೇಲಿನ ಲೆಕ್ಕವೆಲ್ಲ ಎಲ್ಲ ಅವಧಿಯ ದರಗಳೂ ಒಂದೇ ಪ್ರಮಾಣದಲ್ಲಿ ಏರಿಳಿಯುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಅಲ್ಪಾವಧಿ ದರ ಇಳಿದು ದೀರ್ಘಾವಧಿ ದರ ಏರಿದರೆ ಮೂರು ವರ್ಷದ್ದರ ಹಣ ಕಡಿಮೆ ದರಕ್ಕೆ ಮರುಹೂಡಿಕೆಯಾಗಬೇಕು, ಹತ್ತು ವರ್ಷದ್ದನ್ನು ಅಗ್ಗಕ್ಕೆ ಮಾರಬೇಕು. ಎರಡು ನಷ್ಟಗಳು ಒಟ್ಟಿಗೆ ಬರುತ್ತವೆ. ಹಣ ಬರುವ ದಿನಗಳು ಬಾಕಿಯ ದಿನದ ಹತ್ತಿರ ಇದ್ದಷ್ಟೂ ಈ ಅಪಾಯ ಕಡಿಮೆ.

ಕೊಂಡ ಮೇಲೆ ಸುಮ್ಮನಿರುವಂತಿಲ್ಲ. ಕೂಪನ್ ಬಂದಾಗಲೆಲ್ಲ ಅದೇ ಬಾಂಡ್ ಮತ್ತೆ ಕೊಳ್ಳುವುದು ಹಲವರ ರೂಢಿ, ಲೆಕ್ಕ ಹಳಿ ತಪ್ಪುವುದೂ ಅಲ್ಲೇ. ಹಾಗೆ ಮಾಡಿದರೆ ಒಂದು ವರ್ಷದ ನಂತರ ಬಾಕಿಗೆ ಐದು ವರ್ಷ ಉಳಿದಿರುತ್ತದೆ, ಹೂಡಿಕೆಯ ಡ್ಯೂರೇಶನ್ ಮಾತ್ರ 5.37ರಲ್ಲಿರುತ್ತದೆ. ಕೂಪನ್ ಹಣವನ್ನು 91 ಅಥವಾ 182 ದಿನಕ್ಕೆ ಮುಗಿಯುವ ಸರ್ಕಾರಿ ಸಾಲಪತ್ರವಾದ ಟ್ರೆಷರಿ ಬಿಲ್‌ನಲ್ಲಿಟ್ಟರೆ ಒಟ್ಟು ಡ್ಯೂರೇಶನ್ 5.0ರ ಆಸುಪಾಸಿಗೆ ತಾನಾಗಿ ಇಳಿಯುತ್ತದೆ. ಮೂರನೇ ವರ್ಷದ ಹೊತ್ತಿಗೆ ಅದೂ ಸಾಲುವುದಿಲ್ಲ. ಬೇಕಾದದ್ದು 3.0, ಇರುವುದು 3.24. ಆಗ ಎಂಟು ವರ್ಷದ್ದಾಗಿದ್ದ, ಈಗ ಐದು ವರ್ಷ ಉಳಿದಿರುವ ಬಾಂಡಿನಲ್ಲಿ ಸುಮಾರು ₹4.6 ಲಕ್ಷದಷ್ಟನ್ನು ಮಾರಿ ಬಿಲ್‌ಗೆ ಹಾಕಬೇಕು. ಆರು ತಿಂಗಳಿಗೊಮ್ಮೆ, ಕೂಪನ್ ಬಂದ ವಾರ, ಆವತ್ತಿನ ಮಾರುಕಟ್ಟೆ ಬೆಲೆಯಲ್ಲಿ ಈ ಲೆಕ್ಕ ಮಾಡಿದರೆ ಸಾಕು. ವ್ಯತ್ಯಾಸ 0.1 ವರ್ಷದೊಳಗಿದ್ದರೆ ಮುಟ್ಟಬೇಡಿ, ಕೊಳ್ಳುವ ಮಾರುವ ಬೆಲೆಗಳ ನಡುವಿನ ಅಂತರವೇ ಲಾಭ ತಿನ್ನುತ್ತದೆ. ಅದೇ ಕಾರಣಕ್ಕೆ ವಹಿವಾಟು ಅಪರೂಪವಾದ ಹಳೆಯ ಬಾಂಡ್ ಇಳುವರಿ ಚೂರು ಹೆಚ್ಚಿದೆಯೆಂದು ಕೊಳ್ಳಬೇಡಿ.

ಇನ್ನು ತೆರಿಗೆ. ತೋಟದ ಆದಾಯದ ಹೆಚ್ಚಿನ ಪಾಲು ಕೃಷಿ ಆದಾಯವೆಂದು ಎಣಿಕೆಯಾದರೂ ಬಾಂಡಿನ ಬಡ್ಡಿ ಹಾಗಲ್ಲ, ಅದಕ್ಕೆ ಪೂರ್ತಿ ತೆರಿಗೆ. 30% ತೆರಿಗೆ ಕಟ್ಟುವವರಿಗೆ 7% ಎಂಬುದು ಕೈಗೆ ಬರುವುದು 4.9%. ಆ ದರದಲ್ಲಿ ಇವತ್ತು ತೆಗೆದಿಡಬೇಕಾದ್ದು ₹66.2 ಲಕ್ಷವಲ್ಲ, ಸುಮಾರು ₹74.8 ಲಕ್ಷ. ತೆರಿಗೆಯನ್ನು ಬೇರೆ ಆದಾಯದಿಂದ ಕಟ್ಟುತ್ತೇನೆ ಎನ್ನುವವರು ಹಳೆಯ ಲೆಕ್ಕವನ್ನೇ ಇಟ್ಟುಕೊಳ್ಳಬಹುದು. ಆದರೆ ಮಳೆ ಕೈಕೊಟ್ಟ ವರ್ಷವೂ ಆ ತೆರಿಗೆ ಕಟ್ಟಲೇಬೇಕು, ಅದನ್ನು ಕೂಪನ್‌ನಿಂದ ತೆಗೆದರೆ ಕೊರತೆ ಶುರುವಾಯಿತೆಂದೇ ಅರ್ಥ.

ಕೊನೆಯ ವರ್ಷದಲ್ಲಿ ಎರಡೂ ಬಾಂಡ್‌ಗಳಿಗೆ ಇನ್ನೂ ಅವಧಿ ಉಳಿದಿರುತ್ತದೆ. ಎಲ್ಲವನ್ನೂ ಕಡೇ ವಾರಕ್ಕೆ ಬಿಡದೆ, ಪ್ರತಿ ತ್ರೈಮಾಸಿಕಕ್ಕೆ ಒಂದಿಷ್ಟು ಮಾರಿ, ಬಾಕಿಯ ದಿನಕ್ಕಿಂತ ಸ್ವಲ್ಪ ಮುಂಚೆ ಮುಗಿಯುವ ಟ್ರೆಷರಿ ಬಿಲ್‌ಗೆ ಹಾಕುತ್ತಾ ಬನ್ನಿ.