ನಾಡಿ ಎಷ್ಟಕ್ಕೆ ಇಳಿದರೆ ಪೇಸ್‌ಮೇಕರ್ ಹಾಕಿಸಬೇಕು?

ಪ್ರಶ್ನೆ: ಸರ್, ನಮ್ಮ ಅಪ್ಪಾರಿಗೆ 71 ವರ್ಷ. ಬಿಪಿ ಐತಿ, ಮೆಟೊಪ್ರೊಲಾಲ್ ಗುಳಿಗಿ ತಗೋತಾರ. ಕಣ್ಣಿಗೆ ಗ್ಲಾಕೋಮಾದ ಡ್ರಾಪ್ಸೂ ಹಾಕ್ಕೋತಾರ. ಹೋದ ವಾರ ಜಮಖಂಡಿಯೊಳಗ ಇಸಿಜಿ ತಗಸಿದ್ವಿ. ನಾಡಿ 40 ಐತಿ, ‘2:1 ಎವಿ ಬ್ಲಾಕ್’ ಅಂತ ಬರದಾರ. ಒಬ್ಬರು ಲಗೂನ ಪೇಸ್‌ಮೇಕರ್ ಹಾಕಸ್ರಿ ಅಂತಾರ, ಇನ್ನೊಬ್ಬರು ಚಕ್ಕರ್ ಬಂದಿಲ್ಲಲ್ಲ, ಬ್ಯಾಡ ಅಂತಾರ. ನಾಡಿ ಎಷ್ಟಕ್ಕಿಂತ ಕಡಿಮಿ ಆದ್ರ ಹಾಕಸಬೇಕ್ರಿ?
– ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ. ಅಂಥ ಸಂಖ್ಯೆ ಯಾವುದೂ ಇಲ್ಲ. 50 ಅಲ್ಲ, 45 ಅಲ್ಲ, 40ರೂ ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಮರುವಾರ ಮತ್ತದೇ ಪ್ರಶ್ನೆ ಬರುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇನ್ನೂ ಎಲ್ಲರ ಮನೆಯಲ್ಲಿದೆ. ಬೆರಳಿಗೆ ಸಿಕ್ಕಿಸಿದರೆ ಒಂದು ಅಂಕಿ ಕಾಣುತ್ತದೆ, ಆ ಅಂಕಿಯನ್ನೇ ತೀರ್ಪು ಅಂದುಕೊಳ್ಳುತ್ತಾರೆ. ಪೇಸ್‌ಮೇಕರ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಬಡಿತ ಎಲ್ಲಿ ತಪ್ಪುತ್ತಿದೆ ಎನ್ನುವುದು. ಎಷ್ಟು ಬಡಿತ ಎನ್ನುವುದು ಆಮೇಲಿನ ಮಾತು.

ಇನ್ನೊಂದು ಗೊಂದಲವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಇಲ್ಲಿನ ಬ್ಲಾಕ್ ರಕ್ತನಾಳದ್ದಲ್ಲ, ಹೃದಯದೊಳಗೆ ವಿದ್ಯುತ್ ಸಂಕೇತ ಹರಿಯುವ ದಾರಿಯದು. ಇದಕ್ಕೆ ಸ್ಟೆಂಟ್ ಕೆಲಸಕ್ಕೆ ಬಾರದು.

ಆ ದಾರಿ ಹೀಗಿದೆ. ಸಂಕೇತ ಮೇಲಿನ ಕೋಣೆಯಲ್ಲಿ ಹುಟ್ಟುತ್ತದೆ. ಇಸಿಜಿಯಲ್ಲಿ ಅದು ಸಣ್ಣ ಗುಡ್ಡದಂತಹ ಪಿ ಅಲೆಯಾಗಿ ಕಾಣುತ್ತದೆ. ನಡುವೆ ಎವಿ ನೋಡ್ ಎಂಬ ಗಂಟಿನಲ್ಲಿ ಸ್ವಲ್ಪ ತಡೆದು, ಹಿಸ್ ಕಟ್ಟು ಮತ್ತು ಅದರ ಎಡ ಬಲ ಕವಲುಗಳ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಆಗ ಬರುವ ಚೂಪು ಗೆರೆಯೇ ಕ್ಯೂಆರ್‌ಎಸ್. ನಾಡಿಯಾಗಿ ಕೈಗೆ ಸಿಗುವುದು ಈ ಚೂಪು ಗೆರೆ ಮಾತ್ರ, ಪಿ ಅಲೆ ಕೈಗೆ ಸಿಗುವುದಿಲ್ಲ. ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಸಮಯ ಪಿಆರ್ ಅಂತರ. ಇಸಿಜಿ ಕಾಗದದ ಒಂದು ಸಣ್ಣ ಚೌಕ 0.04 ಸೆಕೆಂಡು, ಪಿಆರ್ 3ರಿಂದ 5 ಚೌಕ ಇರಬೇಕು. 5 ದಾಟಿದರೂ ಪ್ರತಿ ಪಿ ಹಿಂದೆ ಕ್ಯೂಆರ್‌ಎಸ್ ಬರುತ್ತಿದ್ದರೆ ಅದು ಮೊದಲ ದರ್ಜೆಯ ಬ್ಲಾಕ್. ಬಹುತೇಕರಿಗೆ ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಈಗ ಇಬ್ಬರ ಇಸಿಜಿ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡೋಣ.

ಮೊದಲನೆಯವನು ಗರಡಿಯಲ್ಲಿ ಬೆಳೆದ ಪೈಲ್ವಾನ, 24 ವರ್ಷ. ಭರ್ತಿಯ ಮೆಡಿಕಲ್‌ಗೆ ಹೋದಾಗ ನಾಡಿ 44. ಮನೆಯವರ ಜೀವ ಬಾಯಿಗೆ ಬಂದಿತ್ತು. ಪಟ್ಟಿಯಲ್ಲಿ ಪಿ ಅಲೆ ನಿಮಿಷಕ್ಕೆ 59ರಂತೆ ಬರುತ್ತಿದೆ. ಮೊದಲ ಪಿಆರ್ 6 ಚೌಕ, ಮುಂದಿನದು ಏಳೂವರೆ, ಅದರ ಮುಂದಿನದು ಎಂಟೂವರೆ. ನಾಲ್ಕನೆಯ ಪಿ ಬಂತು, ಹಿಂದೆ ಕ್ಯೂಆರ್‌ಎಸ್ ಇಲ್ಲ. ಐದನೆಯದರ ಪಿಆರ್ ಮತ್ತೆ 6. ನಾಲ್ಕರಲ್ಲಿ ಒಂದು ತಪ್ಪಿದ್ದರಿಂದ 59 ಇದ್ದದ್ದು 44 ಆಯಿತು. ಹೀಗೆ ಅಂತರ ಬೆಳೆಯುತ್ತ ಹೋಗಿ ಒಂದು ಬಡಿತ ತಪ್ಪುವುದಕ್ಕೆ ವೆಂಕೆಬಾಕ್ ಎನ್ನುತ್ತಾರೆ, 1899ರಲ್ಲಿ ಇದನ್ನು ವಿವರಿಸಿದ ವೈದ್ಯನ ಹೆಸರು. ಆ ಹುಡುಗನಿಂದ ಬೈಠಕ್ ಹೊಡೆಸಿ ಮತ್ತೆ ಇಸಿಜಿ ತೆಗೆದರೆ ನಾಡಿ 96, ಒಂದೂ ತಪ್ಪಿಲ್ಲ, ಪಿಆರ್ 4 ಚೌಕ. ಅವನ ಎವಿ ನೋಡ್ ಗಟ್ಟಿಯಾಗಿಯೇ ಇದೆ. ಕಸರತ್ತು ಮಾಡಿದ ದೇಹದಲ್ಲಿ ವಿಶ್ರಾಂತಿಯ ಹೊತ್ತಿಗೆ ವೇಗಸ್ ನರ ಅದನ್ನು ಹೆಚ್ಚು ಹಿಡಿದಿಡುತ್ತದೆ, ಅಷ್ಟೇ. ಪೇಸ್‌ಮೇಕರ್ ಬೇಡ.

ಎರಡನೆಯವರು ಬನಹಟ್ಟಿ ಕಡೆಯ ನೇಕಾರರ ಮನೆಯ ತಾಯಿ, 66 ವರ್ಷ. ನಾಡಿ 60. ಆಕ್ಸಿಮೀಟರ್ ನೋಡಿದವರೆಲ್ಲ ‘ನಾರ್ಮಲ್ ಐತಿ’ ಅಂದಿದ್ದರು. ಹತ್ತು ಸೆಕೆಂಡಿನ ಉದ್ದ ಪಟ್ಟಿಯಲ್ಲಿ 13 ಪಿ ಅಲೆಗಳು, ಅಂದರೆ ನಿಮಿಷಕ್ಕೆ ಸುಮಾರು 80. ಆದರೆ ಕ್ಯೂಆರ್‌ಎಸ್ ಹತ್ತೇ. ನಾಲ್ಕನೆಯ, ಎಂಟನೆಯ, ಹನ್ನೆರಡನೆಯ ಪಿ ಹಿಂದೆ ಬರೀ ಸಪಾಟು ಗೆರೆ. ಇಲ್ಲಿಯೂ ನಾಲ್ಕರಲ್ಲಿ ಒಂದು ತಪ್ಪುತ್ತಿದೆ, ಪೈಲ್ವಾನನದೇ ಲೆಕ್ಕ. ಆದರೆ ಪಿಆರ್ ನೋಡಿ: ತಪ್ಪುವ ಮುನ್ನ ನಾಲ್ಕೂವರೆ ಚೌಕ, ತಪ್ಪಿದ ಮೇಲೂ ನಾಲ್ಕೂವರೆ ಚೌಕ. ಕೂದಲೆಳೆಯಷ್ಟೂ ಬದಲಿಲ್ಲ. ಮೇಲಾಗಿ ಕ್ಯೂಆರ್‌ಎಸ್ 3 ಚೌಕಕ್ಕಿಂತ ಅಗಲವಾಗಿದೆ, ಬಲ ಕವಲು ಆಗಲೇ ಕೆಲಸ ನಿಲ್ಲಿಸಿದೆ. ಇದು ಮೊಬಿಟ್ಜ್ ಎರಡನೆಯ ಬಗೆ. ತಪ್ಪುತ್ತಿರುವುದು ಎವಿ ನೋಡ್‌ನಲ್ಲಿ ಅಲ್ಲ, ಅದರ ಕೆಳಗೆ, ಕವಲುಗಳಲ್ಲಿ. ಬೋರಿನ ಮೋಟರ್ ಕೇಬಲ್ ಒಳಗೇ ಹರಿದಿದ್ದರೆ ಕರೆಂಟು ನಿಧಾನವಾಗುವುದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲ. ಕೆಳಗಿನ ಕವಲುಗಳ ರೋಗವೂ ಹಾಗೆಯೇ, ಮುನ್ಸೂಚನೆ ಕೊಡದೆ ಪೂರ್ತಿ ನಿಲ್ಲಬಹುದು. ಆ ತಾಯಿಗೆ ಚಕ್ಕರ್ ಬಂದಿರಲಿಲ್ಲ. ಆದರೂ ಪೇಸ್‌ಮೇಕರ್ ಬೇಕು.

ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು 2018ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದೂ ಇದನ್ನೇ. ಮೊಬಿಟ್ಜ್ ಎರಡನೆಯ ಬಗೆ, ಸಾಲಾಗಿ ಎರಡು ಅಥವಾ ಹೆಚ್ಚು ಪಿ ತಪ್ಪುವ ಬ್ಲಾಕ್, ಪೂರ್ತಿ ಬ್ಲಾಕ್ – ಇವು ಸರಿಹೋಗುವ ಕಾರಣದಿಂದ ಬಂದದ್ದಲ್ಲವಾದರೆ, ತೊಂದರೆ ಇರಲಿ ಇಲ್ಲದಿರಲಿ ಪೇಸ್‌ಮೇಕರ್ ಹಾಕಬೇಕು. ವೆಂಕೆಬಾಕ್‌ಗಾದರೆ ಚಕ್ಕರ್, ಸುಸ್ತು, ಎಚ್ಚರ ತಪ್ಪುವುದು ಇದ್ದು, ಅದಕ್ಕೆ ಈ ಬ್ಲಾಕೇ ಕಾರಣ ಎಂದು ಖಾತ್ರಿಯಾದರೆ ಮಾತ್ರ. ಅಂದಮೇಲೆ 44 ಇದ್ದವನಿಗೆ ಬೇಡ, 60 ಇದ್ದವರಿಗೆ ಬೇಕು. ಸಂಖ್ಯೆ ಕೇಳುವವರು ಈ ಎರಡು ಪಟ್ಟಿಗಳನ್ನು ಮತ್ತೊಮ್ಮೆ ಓದಬೇಕು.

ಒಂದು ಎಚ್ಚರಿಕೆ. ಕೆಲವೊಮ್ಮೆ ಮೇಲಿನ ಕೋಣೆಯಿಂದ ಪಿ ಅವಸರವಾಗಿ ಬಂದು ಹಿಂದಿನ ಬಡಿತದಲ್ಲಿ ಕ್ಯೂಆರ್‌ಎಸ್ ಆದಮೇಲೆ ಬರುವ ಟಿ ಅಲೆಯೊಳಗೆ ಅಡಗಿಕೊಳ್ಳುತ್ತದೆ. ದಾರಿ ಇನ್ನೂ ಸಿದ್ಧವಿಲ್ಲದ್ದರಿಂದ ಅದು ಕೆಳಗಿಳಿಯುವುದಿಲ್ಲ. ನೋಡಿದವರಿಗೆ ಮೊಬಿಟ್ಜ್ ಅನ್ನಿಸುತ್ತದೆ, ಆದರೆ ಅದು ಬ್ಲಾಕೇ ಅಲ್ಲ. ಆದ್ದರಿಂದ ತಪ್ಪಿದ ಪಿ ತನ್ನ ಸರಿಯಾದ ಹೊತ್ತಿಗೇ ಬಂದಿದೆಯೇ ಎಂದು ಅಳೆದು ನೋಡಲೇಬೇಕು. ನನ್ನ ವಿದ್ಯಾರ್ಥಿಗಳು ಡಿವೈಡರ್ ಇಟ್ಟು ಪ್ರತಿ ಪಿ ಗುರುತು ಮಾಡದೆ ಬ್ಲಾಕ್ ಎಂಬ ಮಾತನ್ನು ಬಾಯಿಗೆ ತರುವುದಿಲ್ಲ. ಅದು ನನಗೆ ಹೆಮ್ಮೆ.

ಇನ್ನು ನಿಮ್ಮ ತಂದೆಯವರ ವಿಷಯ. 2:1 ಎಂದರೆ ಎರಡು ಪಿಗೆ ಒಂದು ಕ್ಯೂಆರ್‌ಎಸ್. ಪಿ 80, ನಾಡಿ 40. ಇಲ್ಲಿ ತೊಡಕೇನೆಂದರೆ, ಪಿಆರ್ ಬೆಳೆಯುತ್ತದೆಯೋ ಇಲ್ಲವೋ ಎಂದು ನೋಡಲು ಸಾಲಾಗಿ ಎರಡು ಬಡಿತ ಇಳಿದಿರಬೇಕು. ಇಲ್ಲಿ ಒಂದು ಬಿಟ್ಟು ಒಂದು ತಪ್ಪುವುದರಿಂದ ಆ ಹೋಲಿಕೆಗೆ ಅವಕಾಶವೇ ಇಲ್ಲ. ಈ ಪಟ್ಟಿಯೊಂದನ್ನೇ ನೋಡಿ ಅದು ಪೈಲ್ವಾನನ ಬಗೆಯೋ ಆ ತಾಯಿಯ ಬಗೆಯೋ ಎಂದು ಯಾರೂ ಹೇಳಲಾರರು. ಆದ್ದರಿಂದ ಬೇರೆ ಸುಳಿವು ಹುಡುಕುತ್ತೇವೆ. ಕ್ಯೂಆರ್‌ಎಸ್ ಸಣ್ಣಗಿದ್ದರೆ ತೊಂದರೆ ಎವಿ ನೋಡ್‌ನಲ್ಲಿರುವ ಸಾಧ್ಯತೆ ಹೆಚ್ಚು, ಅಗಲವಿದ್ದರೆ ಕೆಳಗೆ. ಆಮೇಲೆ ಆಸ್ಪತ್ರೆಯಲ್ಲಿ ಮಾನಿಟರ್ ಹಚ್ಚಿ ನಡೆಸುತ್ತೇವೆ. ಪಿ ವೇಗ ಏರಿದಂತೆ ನಾಡಿಯೂ ಏರಿ ಪ್ರತಿ ಬಡಿತ ಇಳಿಯತೊಡಗಿದರೆ ಅದು ನೋಡ್‌ನ ಬ್ಲಾಕ್. ಪಿ 80ರಿಂದ 105ಕ್ಕೆ ಏರಿ, ಬ್ಲಾಕ್ 3:1 ಆಗಿ ನಾಡಿ 35ಕ್ಕೆ ಇಳಿದರೆ ಅದು ಕೆಳಗಿನ ಬ್ಲಾಕ್. ನಡೆದಾಗ ನಾಡಿ ಇಳಿಯುವುದನ್ನು ಎಂದೂ ಹಗುರವಾಗಿ ನೋಡಬಾರದು. ಇದನ್ನು ಮನೆಯ ಮೆಟ್ಟಿಲ ಮೇಲೆ ಪರೀಕ್ಷೆ ಮಾಡಲು ಹೋಗಬೇಡಿ.

ಅದಕ್ಕೂ ಮುಂಚೆ ಅವರ ಔಷಧಿಗಳನ್ನು ನೋಡಬೇಕು. ಮೆಟೊಪ್ರೊಲಾಲ್ ಎವಿ ನೋಡನ್ನು ನಿಧಾನ ಮಾಡುತ್ತದೆ, ಇದು ಎಲ್ಲರಿಗೂ ಗೊತ್ತು. ಕಣ್ಣಿನ ಡ್ರಾಪ್ಸ್ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಗ್ಲಾಕೋಮಾಕ್ಕೆ ಬರೆಯುವ ಟಿಮೊಲಾಲ್ ಅದೇ ಜಾತಿಯ ಔಷಧಿ. ಕಣ್ಣಿನಿಂದ ಮೂಗಿಗೆ ಇಳಿದು ನೇರವಾಗಿ ರಕ್ತ ಸೇರಿ ಹೃದಯಕ್ಕೆ ತಲುಪುತ್ತದೆ. ಎರಡೂ ಸೇರಿದರೆ ಪರಿಣಾಮ ಇನ್ನೂ ಹೆಚ್ಚು. ಬಾಟಲಿಯ ಮೇಲೆ ಆ ಹೆಸರಿದೆಯೇ ನೋಡಿ, ಡಾಕ್ಟರಿಗೆ ತೋರಿಸಿ. ರಕ್ತದ ಪೊಟ್ಯಾಸಿಯಂ, ಥೈರಾಯ್ಡ್ ಕೂಡ ಪರೀಕ್ಷಿಸಬೇಕು. ಆದರೆ ಮೆಟೊಪ್ರೊಲಾಲನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಬೇಡಿ. ಬಿಪಿ ಮತ್ತು ಎದೆನೋವು ತಿರುಗಿಬೀಳಬಹುದು. ಬೆಳಗಾವಿಯಲ್ಲೋ ವಿಜಯಪುರದಲ್ಲೋ ಹೃದ್ರೋಗ ತಜ್ಞರಿರುವ ಆಸ್ಪತ್ರೆಗೆ ಸೇರಿಸಿ, ಮಾನಿಟರ್ ಮೇಲಿಟ್ಟು, ಔಷಧಿ ಬದಲಿಸಿ ಎರಡು ಮೂರು ದಿನ ನೋಡಲಿ. ಈ ಕೆಲಸವನ್ನು ಮುಂದಿನ ವಾರಕ್ಕೆ ಹಾಕಬೇಡಿ, ಇವತ್ತೇ ಹೊರಡಿ. ಬ್ಲಾಕ್ ಹೋಗದೆ ಉಳಿದು, ಅದು ಕೆಳಗಿನದು ಎಂದು ಖಾತ್ರಿಯಾದರೆ, ಚಕ್ಕರ್ ಬರಲಿ ಎಂದು ಕಾಯದೆ ಪೇಸ್‌ಮೇಕರ್‌ಗೆ ಒಪ್ಪಿಕೊಳ್ಳಿ. ಔಷಧಿ ಬಿಟ್ಟ ಮೇಲೆ ಬ್ಲಾಕ್ ಹೋದರೂ ಇಸಿಜಿ ತೆಗೆಸುತ್ತಲೇ ಇರಬೇಕು. ಔಷಧಿ ಎಷ್ಟೋ ಸಲ ಒಳಗಿದ್ದ ರೋಗವನ್ನು ತೋರಿಸಿಕೊಟ್ಟಿರುತ್ತದೆ, ಕೆಲವರಿಗೆ ಬ್ಲಾಕ್ ಮರಳಿ ಬರುತ್ತದೆ.

ಪೇಸ್‌ಮೇಕರ್ ಮಾತು ಬಂದಲ್ಲೆಲ್ಲ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ. ಯಾರೂ ಬರೆದು ಕೇಳುವುದಿಲ್ಲ, ಎಲ್ಲ ಮುಗಿದು ಹೊರಡುವಾಗ ಮಗನೋ ಸೊಸೆಯೋ ಹಿಂದೆ ಉಳಿದು ಕೇಳುತ್ತಾರೆ: ‘ಇದು ಒಳಗ ಇದ್ರ, ಕಡೀಗಾಲಕ್ಕ ಜೀವ ಹೋಗೂದಿಲ್ಲೇನ್ರಿ?’ ಹೋಗುತ್ತದೆ. ಪೇಸ್‌ಮೇಕರ್ ಕಳಿಸುವುದು ಬಡಿ ಎಂಬ ಸಂಕೇತ ಮಾತ್ರ. ಬಡಿಯಬೇಕಾದದ್ದು ಹೃದಯದ ಸ್ನಾಯು. ಸ್ನಾಯು ಸತ್ತ ಮೇಲೆ ಸಂಕೇತ ಬರುತ್ತಲೇ ಇದ್ದರೂ ಬಡಿತವಿಲ್ಲ. ಮಾನಿಟರಿನಲ್ಲಿ ಆ ಸಂಕೇತದ ಸಣ್ಣ ಕಡ್ಡಿಗೆರೆಗಳು ಕಾಣುವುದರಿಂದ ಮನೆಯವರು ಜೀವವಿದೆ ಎಂದುಕೊಂಡು ನರಳುತ್ತಾರೆ. ಅದನ್ನು ಮೊದಲೇ ಹೇಳಿಡುವುದು ಡಾಕ್ಟರರ ಕೆಲಸ. ಮಣ್ಣು ಮಾಡುವ ಪದ್ಧತಿಯ ಮನೆತನಗಳು ಅದನ್ನು ಹಾಗೇ ಬಿಡಬಹುದು. ಸುಡುವ ಪದ್ಧತಿ ಇದ್ದವರು ಮಾತ್ರ ಮುಂಚೆ ತೆಗೆಸಲೇಬೇಕು, ಯಾಕೆಂದರೆ ಬೆಂಕಿಯ ಕಾವಿಗೆ ಒಳಗಿನ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಕಾಲರ್ ಎಲುಬಿನ ಕೆಳಗೆ ಸಣ್ಣದಾಗಿ ಕೊಯ್ದು ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಮರಣ ಪ್ರಮಾಣಪತ್ರ ಬರೆಯುವ ಡಾಕ್ಟರಿಗೆ ಪೇಸ್‌ಮೇಕರ್ ಇದೆ ಎಂದು ಮನೆಯವರೇ ಹೇಳಬೇಕು.